ಇಂಟರ್‌ವ್ಯೂ ಆಗಿ ಹದಿಮೂರು ದಿನ, ಮೇಲ್ ಹಾಕಬಹುದಾ?

ರೇಖಾ, ಶಿರಾ (ಸೋಮವಾರ ಸಂಜೆ): ಶೈಲಜಾ ಮೇಡಂ, ವಸಂತನರಸಾಪುರದ ಒಂದು ಫ್ಯಾಕ್ಟರಿಲಿ 9ನೇ ತಾರೀಕು ಮಂಗಳವಾರ ಕ್ವಾಲಿಟಿ ಇನ್‌ಸ್ಪೆಕ್ಟರ್ ಕೆಲಸಕ್ಕೆ ಇಂಟರ್‌ವ್ಯೂ ಆಯ್ತು. 19ರ ಶುಕ್ರವಾರದೊಳಗೆ ಹೇಳ್ತೀವಿ ಅಂದಿದ್ರು. ಇವತ್ತು 22, ಸುದ್ದಿ ಇಲ್ಲ. ಮೊನ್ನೆ ಶನಿವಾರ ಕೋಲಾರದ ಕಡೆ ನರಸಾಪುರದ ಒಂದು ಕಂಪನಿಯಿಂದ ಆಫರ್ ಬಂತು, ಗುರುವಾರ 25ರೊಳಗೆ ಒಪ್ಪಿಗೆ ಹೇಳ್ಬೇಕಂತೆ. ನನಗೆ ಇಲ್ಲೇ ಕೆಲಸ ಆದ್ರೆ ಮನೆಯಿಂದ ಓಡಾಡಬಹುದು. ಇವರಿಗೆ ಮೇಲ್ ಹಾಕಬಹುದಾ? ಏನಂತ ಬರೀಲಿ?

ಮಂಜುನಾಥ, ಗುಬ್ಬಿ: ಮೇಲ್ ಯಾರ್ ನೋಡ್ತಾರೆ ತಂಗಿ. ಫೋನ್ ಮಾಡು, ಎತ್ತಲಿಲ್ಲ ಅಂದ್ರೆ ಗೇಟ್ ಹತ್ರ ಹೋಗು. ಸೆಕ್ಯುರಿಟಿಯವರಿಗೆ ಎಲ್ಲಾ ಗೊತ್ತಿರುತ್ತೆ.

ಕಿರಣ್, ತಿಪಟೂರು: ನಂದೂ ಅದೇ ಕೇಸ್ ಮೇಡಂ. ಇಂಟರ್‌ವ್ಯೂ ಆಗಿ ಎಷ್ಟು ದಿನ ಕಾಯ್ಬೇಕು?

ಶೈಲಜಾ: ಕಿರಣ್, ಅವರು ತಾರೀಕು ಹೇಳಿದ್ರೆ ಆ ತಾರೀಕು ದಾಟಿ ಒಂದೆರಡು ಕೆಲಸದ ದಿನ. ಏನೂ ಹೇಳದೆ ಕಳಿಸಿದ್ರೆ ಐದರಿಂದ ಏಳು ಕೆಲಸದ ದಿನ. ಭಾನುವಾರ, ಹಬ್ಬ ಲೆಕ್ಕಕ್ಕಿಲ್ಲ.

ರೇಖಾ, ನಾಳೆ ಬೆಳಗ್ಗೆಯೇ ಹಾಕಿ. ನೀವು ಬರೆದುಕೊಂಡಿದ್ದು ಏನಾದ್ರೂ ಇದ್ರೆ ಇಲ್ಲಿ ಹಾಕಿ, ನೋಡ್ತೀನಿ.

ನಾಗರಾಜಪ್ಪ, ಕ್ಯಾತ್ಸಂದ್ರ: ಬಂದ ಸಂದೇಶ, ಎಲ್ಲರಿಗೂ ಉಪಯೋಗ ಆಗಲಿ: 🙏 ಇಂಟರ್‌ವ್ಯೂ ಆದ ಮೇಲೆ ಏಳು ದಿನ ದಿನಾ ಬೆಳಗ್ಗೆ ಒಂದೊಂದು ಮೇಲ್ ಕಳಿಸಿ. ಎಂಡಿ, ಜಿಎಂ ಎಲ್ಲರನ್ನೂ ಕಾಪಿಯಲ್ಲಿ ಇಡಿ. ಬೇರೆ ಕಂಪನಿ ಡಬಲ್ ಸಂಬಳ ಕೊಡ್ತಿದೆ ಎಂದು ಬರೆಯಿರಿ. ಕೆಲಸ ಗ್ಯಾರಂಟಿ.

ರೇಖಾ, ಶಿರಾ: ಇಂಗ್ಲಿಷಲ್ಲಿ ಬರೆದಿದ್ದೆ ಮೇಡಂ, ಅರ್ಥ ಹೀಗೆ: "ಗೌರವಾನ್ವಿತ ಸರ್, ನಾನು ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಸಂದರ್ಶನಕ್ಕೆ ಬಂದಿದ್ದೆ. ತುಂಬಾ ದಿನದಿಂದ ಕಾತರದಿಂದ ಕಾಯುತ್ತಿದ್ದೇನೆ. ನಮ್ಮ ಮನೆಯಲ್ಲಿ ತಂದೆಗೆ ಹುಷಾರಿಲ್ಲ, ಕೆಲಸ ಅತ್ಯಗತ್ಯ. ದಯವಿಟ್ಟು ಆದಷ್ಟು ಬೇಗ ತಿಳಿಸಿ, ನಿಮ್ಮ ಉಪಕಾರ ಮರೆಯುವುದಿಲ್ಲ."

ಶೈಲಜಾ: ತಂದೆಯವರು ಹುಷಾರಾಗಲಿ. ಆದ್ರೆ ಈ ಕಾಗದದಲ್ಲಿ ಯಾವ ಕೆಲಸ, ಯಾವತ್ತು ಬಂದಿದ್ರಿ, ಯಾರು ನೋಡಿದ್ರು, ಒಂದೂ ಇಲ್ಲ. ಆಫರ್ ಬಂದಿದೆ ಅನ್ನೋದೇ ನಿಮ್ಮ ಕೈಲಿರೋ ಗಟ್ಟಿ ವಿಷಯ, ಅದನ್ನೇ ಬಿಟ್ಟಿದ್ದೀರಿ.

ನಾನು ಹದಿನಾರು ವರ್ಷದಿಂದ ಫ್ಯಾಕ್ಟರಿ ಎಚ್‌ಆರ್‌ನಲ್ಲಿದ್ದೀನಿ, ಆ ಕಡೆ ಏನು ನಡೀತಿರುತ್ತೆ ಹೇಳ್ತೀನಿ. ಒಂದು ಜಾಗಕ್ಕೆ ಮೂವರು ಒಪ್ಪಿಗೆ ಆದ್ರು ಅಂತಿಟ್ಕೊಳ್ಳಿ. ಮೊದಲನೆಯವರಿಗೆ ಆಫರ್ ಹೋಗುತ್ತೆ. ಅವರು ಈಗಿರೋ ಕಂಪನಿಲಿ ಮೂವತ್ತೋ ಅರವತ್ತೋ ದಿನ ನೋಟಿಸ್ ಕೊಡ್ಬೇಕು, ನಡುವೆ ಮನಸ್ಸು ಬದಲಾಯಿಸಬಹುದು. ಹಾಗಾಗಿ ಎರಡನೆಯವರಿಗೆ ನಾವು ಹೂಂ ಅನ್ನೋಕಾಗಲ್ಲ, ಊಹೂಂ ಅಂದು ಕಳಕೊಳ್ಳೋಕೂ ಮನಸ್ಸಿಲ್ಲ. ಸುಮ್ಮನಿರ್ತೀವಿ. ಅದು ಮರ್ಯಾದೆ ಅಲ್ಲ, ಒಪ್ತೀನಿ. ಕೆಲವು ಸಲ ಇನ್ನೂ ಚಿಕ್ಕ ಕಾರಣ: ಪ್ಲಾಂಟ್ ಹೆಡ್ ಸಹಿ ಆಗಿರಲ್ಲ, ಅವರು ಆಡಿಟ್‌ನಲ್ಲಿ ಸಿಕ್ಕಿಹಾಕ್ಕೊಂಡಿರ್ತಾರೆ. ಅದಕ್ಕೇ "ಕಾಯ್ತಿದ್ದೀನಿ" ಅನ್ನೋ ಮೇಲ್‌ನಿಂದ ನಮಗೆ ಏನೂ ಆಗಲ್ಲ. ಕಾಯ್ತಿರೋದು ಗೊತ್ತೇ ಇದೆ. ನಾವು ಎದ್ದು ಹೋಗಿ ಪ್ಲಾಂಟ್ ಹೆಡ್‌ನ ಕೇಳೋಕೆ ಒಂದು ನೆಪ ಬೇಕು. ಗುರುವಾರದ ಗಡುವು ಅಂಥ ನೆಪ.

ಹೊಸ ಮೇಲ್ ಶುರು ಮಾಡಬೇಡಿ. ಇಂಟರ್‌ವ್ಯೂಗೆ ಕರೆದ ಮೇಲ್ ತೆಗೆದು ಅದಕ್ಕೇ ಉತ್ತರ ಕೊಡಿ, ಆಗ ನಿಮ್ಮ ರೆಸ್ಯೂಮ್, ತಾರೀಕು ಎಲ್ಲಾ ಕೆಳಗೇ ಇರುತ್ತೆ, ನಾವು ಹುಡುಕೋದು ತಪ್ಪುತ್ತೆ. ಕರೆದಿದ್ದು ಫೋನಲ್ಲಿ ಆಗಿದ್ರೆ ಮಾತ್ರ ಹೊಸದು, ಸಬ್ಜೆಕ್ಟ್‌ನಲ್ಲಿ ಕೆಲಸದ ಹೆಸರು, 9ನೇ ತಾರೀಕು, ನಿಮ್ಮ ಹೆಸರು, ಇಷ್ಟೇ. ಒಳಗೆ ಹೀಗೆ:

"ನಮಸ್ತೆ ಸರ್. 9ನೇ ತಾರೀಕು ಮಂಗಳವಾರ ಕ್ವಾಲಿಟಿ ಇನ್‌ಸ್ಪೆಕ್ಟರ್ ಕೆಲಸಕ್ಕೆ ನಿಮ್ಮನ್ನೂ ಪ್ರೊಡಕ್ಷನ್ ಮ್ಯಾನೇಜರ್ ಅವರನ್ನೂ ಭೇಟಿಯಾಗಿದ್ದೆ. 19ರೊಳಗೆ ತಿಳಿಸುವುದಾಗಿ ಹೇಳಿದ್ದಿರಿ. ನನಗೆ ಬೇರೊಂದು ಆಫರ್ ಬಂದಿದ್ದು, 25ರ ಗುರುವಾರ ಉತ್ತರ ಕೊಡಬೇಕಿದೆ. ನಿಮ್ಮಲ್ಲಿ ಕೆಲಸ ಮಾಡುವುದೇ ನನ್ನ ಮೊದಲ ಆಯ್ಕೆ. ಬುಧವಾರ ಸಂಜೆಯೊಳಗೆ ನನ್ನ ಅರ್ಜಿ ಯಾವ ಹಂತದಲ್ಲಿದೆ ಎಂದು ತಿಳಿಸಲು ಸಾಧ್ಯವೇ? ಆಯ್ಕೆಯಾದರೆ ಮುಂದಿನ ತಿಂಗಳ 1ರಂದೇ ಸೇರಬಲ್ಲೆ." ಕೆಳಗೆ ಹೆಸರು, ಫೋನ್ ನಂಬರ್.

ಆ ಕೊನೇ ಸಾಲು ನಿಜವಾಗಿದ್ರೆ ಮಾತ್ರ ಬರೀರಿ. ಮೊದಲನೆಯವರಿಗೆ ಎರಡು ತಿಂಗಳು ನೋಟಿಸ್ ಇದ್ದು, ನೀವು ಒಂದನೇ ತಾರೀಕಿಗೇ ಬರ್ತೀರಿ ಅಂದ್ರೆ, ಲೈನ್‌ನಲ್ಲಿ ಆಳಿಲ್ಲದೆ ಒದ್ದಾಡ್ತಿರೋ ಪ್ರೊಡಕ್ಷನ್‌ನವರಿಗೆ ಅದು ಕಿವಿಗೆ ಬೀಳುತ್ತೆ. ನರಸಾಪುರದ ಕಂಪನಿ ಹೆಸರು ಬೇಡ, ಸಂಬಳ ಎಷ್ಟು ಅಂತಲೂ ಬೇಡ. ಕೇಳಿದ್ರೆ ಹೇಳಿ.

ಶೈಲಜಾ: ನಾಗರಾಜಪ್ಪನವರೇ, ನಿಮ್ಮ ಫಾರ್ವರ್ಡ್ ಈಗ ಓದಿದೆ. ಏಳು ದಿನ ಏಳು ಮೇಲ್ ಹಾಕಿದವರ ಹೆಸರು ನಮಗೆ ನೆನಪಿರುತ್ತೆ, ಬೇಕಾದ ಕಾರಣಕ್ಕಲ್ಲ. ಎಂಡಿಯನ್ನ ಕಾಪಿಯಲ್ಲಿ ಇಟ್ರೆ ಅವರು ಓದದೇ ನನಗೇ ತಳ್ತಾರೆ, ಜೊತೆಗೆ "ಇದೇನಿದು" ಅಂತ ಒಂದು ಸಾಲು. ಬೇಡ.

ನಾಗರಾಜಪ್ಪ, ಕ್ಯಾತ್ಸಂದ್ರ: ಬಂದಿದ್ದನ್ನ ಕಳಿಸಿದೆ ಅಷ್ಟೇ ಮೇಡಂ. ಎಷ್ಟೋ ಜನಕ್ಕೆ ಕೆಲಸ ಆಗಿದೆಯಂತೆ.

ಸುಹಾಸ್, ತುಮಕೂರು: ಇಲ್ಲದ ಆಫರ್ ಇದೆ ಅಂತ ಹೇಳೋದು ಬೆಂಗಳೂರಲ್ಲಿ ಎಲ್ಲರೂ ಮಾಡ್ತಾರೆ. ನಾನೂ ಮಾಡಿದ್ದೀನಿ, ವರ್ಕ್ ಆಯ್ತು.

ಶೈಲಜಾ: ನಿಮಗೆ ಆಯ್ತು. ನನ್ನ ಹತ್ರ ಹಾಗೆ ಬರೆದವರಿಗೆ "ಅಭಿನಂದನೆ, ಒಳ್ಳೆಯದಾಗಲಿ" ಅಂತ ಉತ್ತರ ಕೊಟ್ಟು ಫೈಲ್ ಮುಚ್ಚಿದ್ದೀನಿ. ಆಮೇಲೆ ಹೇಗೆ ವಾಪಸ್ ಬರ್ತಾರೆ?

ಮಂಜುನಾಥ, ಗುಬ್ಬಿ: ಅದೇ ನಾನೂ ಹೇಳಿದ್ದು, ಫೋನ್ ಮಾಡಿದ್ರೆ ಈ ರಗಳೆ ಇರಲ್ಲ.

ಶೈಲಜಾ: ಫೋನ್ ತಪ್ಪಲ್ಲ ಮಂಜುನಾಥ್, ಮೇಲ್ ಆದ ಮೇಲೆ. ಫೋನಲ್ಲಿ ಹೇಳಿದ್ದು ನಾನು ಇನ್ನೊಬ್ಬರಿಗೆ ತಲುಪಿಸಬೇಕು, ಮೇಲ್ ಆದ್ರೆ ಹಾಗೇ ಪ್ಲಾಂಟ್ ಹೆಡ್‌ಗೆ ಕಳಿಸಿಬಿಡ್ತೀನಿ. ಬುಧವಾರ ಸಂಜೆವರೆಗೆ ಉತ್ತರ ಇಲ್ಲ ಅಂದ್ರೆ ಒಂದು ಸಲ ಫೋನ್, ಎರಡು ನಿಮಿಷ. ಗೇಟ್‌ಗೆ ಹೋಗೋದು ಮಾತ್ರ ಬೇಡ.

ಆನಂದ, ಮಧುಗಿರಿ: ಮೇಡಂ, ನಂದು ಡಾಕ್ಯುಮೆಂಟ್ ವೆರಿಫಿಕೇಶನ್ ಆಗಿದೆ, ಸೆಲೆಕ್ಷನ್ ಲಿಸ್ಟ್ ಬಿಟ್ಟಿಲ್ಲ. ಇಲಾಖೆಗೆ ಇದೇ ಮೇಲ್ ಹಾಕ್ಲಾ?

ಪವಿತ್ರಾ, ಕುಣಿಗಲ್: ಶೈಲಜಾ ಅಕ್ಕ ಹೇಳಿದ ಎರಡನೇ ಸ್ಥಾನದ ಮಾತು ನಿಜ. ನನಗೆ ಇಂಟರ್‌ವ್ಯೂ ಆಗಿ ಒಂದು ಮೇಲ್ ಹಾಕಿ, ವಾರ ಬಿಟ್ಟು ಇನ್ನೊಂದು ಹಾಕಿ ಸುಮ್ಮನಾದೆ. ಎರಡು ತಿಂಗಳಿಗೆ ಫೋನ್ ಬಂತು, ಮೊದಲನೆಯವರು ಸೇರಲೇ ಇಲ್ಲವಂತೆ. ಅಷ್ಟೊತ್ತಿಗೆ ನಾನು ಬೇರೆ ಕಡೆ ಸೇರಿಬಿಟ್ಟಿದ್ದೆ. ಈಗಲೂ ಬೇಜಾರು.

ಶೈಲಜಾ: ಪವಿತ್ರಾ, ಸರಿಯಾಗೇ ಮಾಡಿದ್ರಿ. ಎರಡು ಮೇಲ್, ನಡುವೆ ಒಂದು ವಾರ, ಅಲ್ಲಿಗೆ ಮುಗೀತು. ಮೂರನೇದರಿಂದ ಯಾರಿಗೂ ಕೆಲಸ ಸಿಕ್ಕಿದ್ದು ನಾನು ನೋಡಿಲ್ಲ.

ಲೋಕೇಶ್, ಕೊರಟಗೆರೆ: ಕನ್ನಡದಲ್ಲೇ ಮೇಲ್ ಬರೀಬಾರದಾ? ತುಮಕೂರಲ್ಲಿ ಕೂತು ಇಂಗ್ಲಿಷ್ ಯಾಕೆ?

ಸುಹಾಸ್, ತುಮಕೂರು: ಬರೀರಿ, ಪ್ಲಾಂಟ್ ಹೆಡ್ ಪುಣೆಯವನಾಗಿದ್ರೆ ಓದಿಸಿಕೊಳ್ತಾನೆ.

ಲೋಕೇಶ್, ಕೊರಟಗೆರೆ: ನಮ್ಮ ಜಮೀನು ತಗೊಂಡು ಫ್ಯಾಕ್ಟರಿ ಮಾಡಿದೋರು ನಮ್ಮ ಭಾಷೆ ಓದಲ್ಲ ಅಂದ್ರೆ ಅದು ಯಾರ ತಪ್ಪು?

ಸುಹಾಸ್, ತುಮಕೂರು: ಅವಳಿಗೆ ಕೆಲಸ ಬೇಕಾಗಿರೋದು, ಚಳವಳಿ ಅಲ್ಲ.

ಲೋಕೇಶ್, ಕೊರಟಗೆರೆ: ರೈಲಲ್ಲಿ ದಿನಾ ಯಶವಂತಪುರಕ್ಕೆ ಹೋಗಿ ಬರೋರಿಗೆ ಹಿಂಗೇ ಅನ್ಸೋದು.

ಶೈಲಜಾ: ಇಬ್ಬರೂ ಸಾಕು ಮಾಡಿ. ಅವರು ಕರೆದ ಭಾಷೆಯಲ್ಲೇ ಉತ್ತರ. ನಾನು ಇಂಗ್ಲಿಷ್ ಪಠ್ಯ ಕೊಡದೇ ಇರೋದಕ್ಕೂ ಕಾರಣ ಇದೆ. ಹಿಂದೊಮ್ಮೆ ಕೊಟ್ಟಿದ್ದೆ, ಈ ಗುಂಪಿನವರೇ ಹಾಗೇ ಅಂಟಿಸಿ ನನ್ನ ಕಂಪನಿಗೇ ಕಳಿಸಿದ್ರು. ಒಬ್ಬರಂತೂ "ಇಲ್ಲಿ ನಿಮ್ಮ ಹೆಸರು" ಅನ್ನೋದನ್ನೂ ಬಿಡದೆ.

ಇಮ್ರಾನ್, ತುಮಕೂರು: ಮೇಡಂ, ನನ್ನ ಕಳಿಸಿದ್ದು ಕನ್ಸಲ್ಟೆನ್ಸಿಯವರು. ನಾನೂ ಕಂಪನಿಗೆ ನೇರ ಬರೀಬಹುದಾ?

ಶೈಲಜಾ: ಇಲ್ಲ. ಕನ್ಸಲ್ಟೆನ್ಸಿಯವರಿಗೇ ಬರೀರಿ, ಕಂಪನಿಯಿಂದ ಏನು ಅಭಿಪ್ರಾಯ ಬಂತು ಅಂತ ಕೇಳಿ. ನೇರ ಹೋದ್ರೆ ಅವರ ಕಮಿಷನ್ ಜಗಳ ನಿಮ್ಮ ತಲೆ ಮೇಲೆ. ಅವರು "ಫೈಲ್ ಮುಂದೆ ಹೋಗೋಕೆ" ದುಡ್ಡು ಕೇಳಿದ್ರೆ ಅಲ್ಲಿಗೇ ಬಿಡಿ.

ಶಶಿ, ಪಾವಗಡ: ಎಷ್ಟು ದಿನ ಕಾಯಬೇಕು ಮೇಡಂ ಇಂಟರ್‌ವ್ಯೂ ಆದ ಮೇಲೆ?

ಶೈಲಜಾ: ಮೇಲೆ ಓದಿ.

ನಾಗರಾಜಪ್ಪ, ಕ್ಯಾತ್ಸಂದ್ರ: ಇನ್ನೊಂದು ಬಂತು: ಬೆಳಗ್ಗೆ 11 ಗಂಟೆ 11 ನಿಮಿಷಕ್ಕೆ ಕಳಿಸಿದ ಮೇಲ್ ಮೇಲಧಿಕಾರಿಗಳ ಕಣ್ಣಿಗೆ ಮೊದಲು ಬೀಳುತ್ತದೆ.

ಶೈಲಜಾ: ಸರ್, ನಿಮ್ಮ ವಯಸ್ಸಿಗೆ ಗೌರವ ಕೊಟ್ಟು ಕೇಳ್ಕೋತೀನಿ, ನಿಲ್ಸಿ. ಹೊತ್ತಿನ ವಿಷಯ ಇಷ್ಟೇ: ಸೋಮವಾರ ಬೆಳಗ್ಗೆ ರಾಶಿ ಮೇಲ್ ಇರುತ್ತೆ, ಶನಿವಾರ ಮಧ್ಯಾಹ್ನದ ಮೇಲೆ ಯಾರೂ ತೆಗೆಯಲ್ಲ. ಸಣ್ಣ ಫ್ಯಾಕ್ಟರಿಲಿ ಎಚ್‌ಆರ್ ಅಂದ್ರೆ ಇಬ್ಬರು. ತಿಂಗಳ ಮೊದಲ ವಾರ ಸಂಬಳದ ಕೆಲಸ, 15ರೊಳಗೆ ಪಿಎಫ್, ಇಎಸ್‌ಐ ಕಟ್ಟಬೇಕು. ಆ ದಿನಗಳಲ್ಲಿ ಬಂದಿದ್ದು ಓದಿದರೂ ಉತ್ತರ ತಡ ಆಗುತ್ತೆ. ಮಂಗಳವಾರದಿಂದ ಗುರುವಾರ, ಬೆಳಗ್ಗೆ ಹತ್ತರ ಆಸುಪಾಸು ಒಳ್ಳೇದು. ರಾತ್ರಿ ಬರೆದಿಟ್ಟು ಜಿಮೇಲ್‌ನಲ್ಲಿ Schedule send ಒತ್ತಿ. ರಾತ್ರಿ ಒಂದು ಗಂಟೆಗೆ ಬರೆದಿದ್ದನ್ನ ಬೆಳಗ್ಗೆ ಒಮ್ಮೆ ಓದಿದ್ರೆ ಅರ್ಧ ಅಳಿಸ್ತೀರಿ, ಅದೂ ಲಾಭವೇ.

ನಾಗರಾಜಪ್ಪ, ಕ್ಯಾತ್ಸಂದ್ರ: ಒಳ್ಳೇದು ಮಾಡೋಕೆ ಹೋದ್ರೆ ಹಿಂಗೆ. ಇನ್ನು ಕಳಿಸಲ್ಲ.

ರೇಖಾ, ಶಿರಾ (ಮಂಗಳವಾರ): ಮೇಡಂ, ಹತ್ತು ಗಂಟೆಗೆ ಕಳಿಸಿದೆ. ನಾಲ್ಕಕ್ಕೆ ಉತ್ತರ ಬಂತು: "ನಿಮ್ಮ ಹೆಸರು ಪರಿಶೀಲನೆಯಲ್ಲಿದೆ. ಪ್ಲಾಂಟ್ ಹೆಡ್ ಊರಲ್ಲಿಲ್ಲ, ಗುರುವಾರ ಬರ್ತಾರೆ, ಆಮೇಲೆ ತಿಳಿಸ್ತೀವಿ." ಈಗೇನ್ ಮಾಡ್ಲಿ?

ಸುಹಾಸ್, ತುಮಕೂರು: ಅಂದ್ರೆ ಇಲ್ಲ ಅಂತ. ನರಸಾಪುರಕ್ಕೆ ಹೂಂ ಅನ್ನಿ.

ಪವಿತ್ರಾ, ಕುಣಿಗಲ್: ಇಲ್ಲ ಅಂತ ಯಾಕೆ? ಉತ್ತರ ಆದ್ರೂ ಕೊಟ್ಟಿದ್ದಾರಲ್ಲ.

ಶೈಲಜಾ: ಅದೇ ದಿನ ಉತ್ತರ ಕೊಟ್ಟು ಕಾರಣವನ್ನೂ ಹೇಳಿದ್ದಾರೆ, ಹಾಗಾಗಿ ಹೆಸರು ಬಿದ್ದುಹೋಗಿಲ್ಲ. ಸಿಕ್ಕಿತು ಅಂತಲೂ ಅಲ್ಲ. ಇವರಿಗೆ ಒಂದೇ ಸಾಲು ಬರೀರಿ: "ಧನ್ಯವಾದ, ಗುರುವಾರ ಸಂಜೆಯ ತನಕ ಎದುರು ನೋಡ್ತೀನಿ." ಅದಕ್ಕಿಂತ ಹೆಚ್ಚು ಬೇಡ. ನರಸಾಪುರದವರಿಗೆ ಇವತ್ತೇ ಬರೆದು ಶನಿವಾರದವರೆಗೆ ಸಮಯ ಕೇಳಿ, ಮನೆಯವರ ಜೊತೆ ಉಳಿದುಕೊಳ್ಳೋ ವ್ಯವಸ್ಥೆ ಮಾತಾಡಬೇಕು ಅಂತ. ನಿಜವೂ ಹೌದು, ಶಿರಾದಿಂದ ಅಲ್ಲಿಗೆ ದಿನಾ ಓಡಾಡೋಕಾಗಲ್ಲ. ಎರಡು ದಿನ ಕೇಳಿದ್ದಕ್ಕೆ ಆಫರ್ ವಾಪಸ್ ತಗೊಂಡವರು ಕಡಿಮೆ, ಒಂದೇ ಸಲ ಕೇಳಬೇಕು ಅಷ್ಟೇ. ಅವರು ಆಗಲ್ಲ ಅಂದ್ರೆ ಗುರುವಾರ ಅವರಿಗೇ ಹೂಂ ಅನ್ನಿ. ಪರಿಶೀಲನೆಯಲ್ಲಿದೆ ಅನ್ನೋ ಮಾತಿಗೆ ಕೈಲಿರೋ ಕಾಗದ ಬಿಡೋಕಾಗಲ್ಲ. ಅಂದಹಾಗೆ, ಅವರು ಕೊಟ್ಟಿರೋದು ಕಂಪನಿ ಲೆಟರ್‌ಹೆಡ್‌ನಲ್ಲಿ ಸಂಬಳ, ಸೇರೋ ತಾರೀಕು ಹಾಕಿದ ಪತ್ರವಾ, ಬರೀ ವಾಟ್ಸಾಪ್ ಮೆಸೇಜಾ?

ರೇಖಾ, ಶಿರಾ: ಪಿಡಿಎಫ್ ಬಂದಿದೆ ಮೇಡಂ. ತಾರೀಕು ಐತೆ. ಸಂಬಳದ ಜಾಗದಲ್ಲಿ "ಸೇರುವಾಗ ತಿಳಿಸಲಾಗುವುದು" ಅಂತ ಐತೆ.

ಶೈಲಜಾ: ಹಾಗಾದ್ರೆ ಅದು ಆಫರ್ ಅಲ್ಲ. ಸಮಯ ಕೇಳೋ ಮೇಲ್‌ನಲ್ಲೇ ಸಂಬಳ ಹಾಕಿದ ಪತ್ರವನ್ನೂ ಕೇಳಿ. ಅದು ಬರೋವರೆಗೆ ಯಾರಿಗೂ ಹೂಂ ಅನ್ನಬೇಡಿ, ದುಡ್ಡಂತೂ ಕಟ್ಟಲೇಬೇಡಿ.

ಮಂಜುನಾಥ, ಗುಬ್ಬಿ: ಇದನ್ನ ಮೊದಲೇ ಹೇಳಬಾರದಿತ್ತಾ ತಂಗಿ. ಇವರ ಮೇಲ್‌ನಲ್ಲಿ ಆಫರ್ ಬಂದೈತೆ ಅಂತ ಬೇರೆ ಬರ್ದುಬಿಟ್ಟೆ.

ಶೈಲಜಾ: ನಾನೇ ಮೊದಲು ಕೇಳಬೇಕಿತ್ತು, ಅವಳನ್ನ ಅನ್ನಬೇಡಿ.

ಆನಂದ, ಮಧುಗಿರಿ: ಮೇಡಂ, ನನ್ನ ಪ್ರಶ್ನೆ ನೋಡಿದ್ರಾ?

ಕಿರಣ್, ತಿಪಟೂರು: ಕೆಲಸದ ದಿನ ಅಂದ್ರೆ ಶನಿವಾರ ಸೇರುತ್ತಾ ಮೇಡಂ?