ಪದಚರ್ಚೆ: ಜಾಹೀರಾತಿನ ಹರಾಜಿನಲ್ಲಿ ‘ಬಿಡ್’ ಅನ್ನುವುದಕ್ಕೆ ಯಾವ ಪದ?

ಶಾಲಿನಿ, ಉಡುಪಿ

ಎಲ್ಲರಿಗೂ ನಮಸ್ಕಾರ. ಹೋಮ್‌ಸ್ಟೇ ನಡೆಸುವವರಿಗೆಂದು ಒಂದು ಚಿಕ್ಕ ಕೈಪಿಡಿ ತಯಾರಾಗುತ್ತಿದೆ. ಅದರ ಭಾಷೆ ನೋಡಿಕೊಡುವ ಕೆಲಸ ನನಗೆ ಬಂದಿದೆ. ಗೂಗಲ್‌ನಲ್ಲಿ ಜಾಹೀರಾತು ಹಾಕುವ ಅಧ್ಯಾಯದಲ್ಲಿ ಹೀಗಿದೆ:

“ಜಾಹೀರಾತಿನ ಜಾಗ ಹರಾಜಿಗೆ ಹೋಗುತ್ತದೆ. ಹೆಚ್ಚು ಬೆಲೆ ಕೂಗಿದವರ ಜಾಹೀರಾತು ಮೇಲೆ ಬರುತ್ತದೆ. ಪ್ರತಿ ಕ್ಲಿಕ್ಕಿಗೆ ಅವರು ತಾವು ಕೂಗಿದ ಬೆಲೆ ಕೊಡಬೇಕು.”

ಓದಲು ಸಲೀಸಾಗಿದೆ. ಆದರೆ ಅದೇ ಪುಟದ ಚಿತ್ರದಲ್ಲಿ ಒಂದು ಹೋಮ್‌ಸ್ಟೇಯ ಲೆಕ್ಕ ಕೊಟ್ಟಿದ್ದಾರೆ. `Max. CPC` ಕಾಲಂನಲ್ಲಿ ₹30 ಇದೆ, ಪಕ್ಕದ `Avg. CPC` ಕಾಲಂನಲ್ಲಿ ₹13.33. 30 ಕೂಗಿದವರು 13 ಕೊಟ್ಟದ್ದು ಹೇಗೆ? ಇದು ಗೊತ್ತಾಗದೆ ‘ಬಿಡ್’ ಅನ್ನುವುದಕ್ಕೆ ಸವಾಲು ಎನ್ನಬೇಕೋ, ಕೂಗು ಎನ್ನಬೇಕೋ, ದರ ಎನ್ನಬೇಕೋ ತೀರ್ಮಾನ ಮಾಡಲು ಆಗುತ್ತಿಲ್ಲ. ಓದುವವರಿಗೆ ಇದೆಲ್ಲ ಪೂರ್ತಿ ಹೊಸತು. ತಿಳಿದವರು ದಯವಿಟ್ಟು ಹೇಳಿ.

ವಾಲ್ಟರ್, ಮಂಗಳೂರು

ಶಾಲಿನಿಯವರೇ, ಮೊದಲು ಪದದ ಮಾತು. ನಮ್ಮ ದಕ್ಕೆಯಲ್ಲಿ ಬೆಳಿಗ್ಗೆ ಬಂಗುಡೆ ಬುಟ್ಟಿ ಇಳಿಸಿ ಕೂಗುವುದನ್ನು ಹರಾಜು ಅನ್ನುವವರು ಕಡಿಮೆ. ಅದು ಏಲಂ. ಇಲ್ಲಿನವರಿಗೆ ಬರೆಯುವುದಾದರೆ ಏಲಂ ಎಂದೇ ಹಾಕಿ, ತಟ್ಟನೆ ಅರ್ಥವಾಗುತ್ತದೆ.

ಇನ್ನು ಲೆಕ್ಕ. ದಕ್ಕೆಯಲ್ಲಿ ಕೊನೆಗೆ ಕೂಗಿದ್ದನ್ನೇ ಕೊಡಬೇಕು. ಗೂಗಲ್‌ನಲ್ಲಿ ಹಾಗಲ್ಲ. ಗೆದ್ದವರು ಕೊಡುವುದು ತಮ್ಮ ಕೆಳಗಿನವರು ಕೂಗಿದ್ದಕ್ಕಿಂತ ಒಂಚೂರು ಜಾಸ್ತಿ, ಅಷ್ಟೇ. ನಿಮ್ಮ ಚಿತ್ರದಲ್ಲಿ ಕೆಳಗಿನವರು 13 ರೂಪಾಯಿ ಆಸುಪಾಸು ಕೂಗಿರಬೇಕು. ಕೆಳಗೆ ಯಾರೂ ಇಲ್ಲದಿದ್ದರೆ ಬರೀ ಪೈಸೆಗಳಲ್ಲಿ ಕ್ಲಿಕ್ ಸಿಗುತ್ತದೆ.

ಪ್ರಸನ್ನ, ಮಣಿಪಾಲ

ವಾಲ್ಟರ್ ಅವರ ಮಾತಿನಲ್ಲಿ ಅರ್ಧ ಸರಿ ಇದೆ. ಕೂಗಿದ್ದನ್ನು ಪೂರ್ತಿ ಕೊಡಬೇಕಾಗಿಲ್ಲ, ನಿಜ. ಆದರೆ ಕೆಳಗಿನವರ ಬೆಲೆಯನ್ನು ಹಾಗೇ ನೋಡುವುದಿಲ್ಲ. ನಡುವೆ ಇನ್ನೊಂದು ಸಂಗತಿ ಇದೆ, ಹೊಸಬರಿಗೆ ಹೇಳಲೇಬೇಕಾದದ್ದು ಅದೇ.

ಒಬ್ಬರು “ಮಲ್ಪೆ ಬೀಚ್ ಹೋಮ್‌ಸ್ಟೇ” ಎಂದು ಹುಡುಕಿದರು ಅಂತಿಟ್ಟುಕೊಳ್ಳಿ. ಹುಡುಕಿದ ಕ್ಷಣಕ್ಕೆ ಒಂದು ಹರಾಜು ನಡೆದು ಮುಗಿಯುತ್ತದೆ. ಮುಂದಿನವರು ಹುಡುಕಿದಾಗ ಮತ್ತೆ ಬೇರೆ ಹರಾಜು. ಜಾಹೀರಾತುದಾರರು ಯಾರೂ ಅಲ್ಲಿ ಕೂತಿರುವುದಿಲ್ಲ. ಒಂದು ಕ್ಲಿಕ್ಕಿಗೆ ಇಷ್ಟರ ಮೇಲೆ ಕೊಡಲಾರೆ ಎಂದು ಮೊದಲೇ ಬರೆದಿಟ್ಟಿರುತ್ತಾರೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ.

ನಾಲ್ಕು ಮನೆಯವರು ಇದ್ದಾರೆ ಎನ್ನೋಣ. ಅಂಕಿಗಳು ನಾನೇ ಇಟ್ಟದ್ದು, ಶಾಲಿನಿಯವರ ಚಿತ್ರಕ್ಕೆ ಕೂಡಿಬರುವ ಹಾಗೆ. ಕಾಪುವಿನವರು ₹30 ಬರೆದಿದ್ದಾರೆ. ಮಣಿಪಾಲದವರು ₹20, ಮಲ್ಪೆಯವರು ₹15, ಕಟಪಾಡಿಯವರು ₹10. ಬೆಲೆ ಮಾತ್ರ ನೋಡಿದರೆ ಕಾಪುವಿನವರು ಮೇಲೆ ಬರಬೇಕು. ಆದರೆ ಗೂಗಲ್‌ಗೆ ದುಡ್ಡು ಹುಟ್ಟುವುದು ಯಾರಾದರೂ ಕ್ಲಿಕ್ ಮಾಡಿದಾಗ, ಸುಮ್ನೆ ತೋರಿಸಿದರೆ ಅಲ್ಲ. ಹಾಗಾಗಿ ಈ ಹುಡುಕಾಟಕ್ಕೆ ಈ ಜಾಹೀರಾತನ್ನು ನೂರು ಸಲ ತೋರಿಸಿದರೆ ಎಷ್ಟು ಜನ ಒತ್ತಿಯಾರು ಎಂದು ಅದು ಅಂದಾಜು ಮಾಡುತ್ತದೆ. ಮಲ್ಪೆಯವರ ಜಾಹೀರಾತಿನಲ್ಲಿ ಬೀಚಿನ ಹೆಸರೇ ಇದೆ, ಅದಕ್ಕೆ 8 ಜನ. ಕಾಪುವಿನವರದಕ್ಕೆ 3. ಉಳಿದಿಬ್ಬರದಕ್ಕೆ ತಲಾ 2.

ಈಗ ಗುಣಿಸಿ. ಮಲ್ಪೆ 15 × 8 = 120. ಕಾಪು 30 × 3 = 90. ಮಣಿಪಾಲ 20 × 2 = 40. ಕಟಪಾಡಿ 10 × 2 = 20. ಮಲ್ಪೆಯವರು ಕಾಪುವಿನವರ ಅರ್ಧದಷ್ಟೇ ಬರೆದಿದ್ದರೂ ಮೊದಲ ಜಾಗ ಅವರಿಗೆ. ಇದಲ್ಲದೆ ಗೂಗಲ್ ಒಂದು ಕನಿಷ್ಠ ಗೆರೆಯನ್ನೂ ಇಟ್ಟಿರುತ್ತದೆ. ಅದು 30 ಎನ್ನೋಣ. ಕಟಪಾಡಿಯವರು ಅದನ್ನು ದಾಟಲಿಲ್ಲ. ಜಾಗ ಖಾಲಿ ಇದ್ದರೂ ಅವರ ಜಾಹೀರಾತು ಕಾಣುವುದಿಲ್ಲ.

ಕೊಡುವ ಬೆಲೆ ಬರುವುದು ಇದೇ ಲೆಕ್ಕವನ್ನು ತಿರುಗಿಸಿದಾಗ. ತನ್ನ ಜಾಗ ಉಳಿಸಿಕೊಳ್ಳಲು ಎಷ್ಟು ಸಾಕಿತ್ತೋ ಅಷ್ಟೇ ಕೊಡಬೇಕು. ಕಾಪುವಿನವರು ಮಣಿಪಾಲದವರ 40 ದಾಟಿದರೆ ಸಾಕು: 40 ÷ 3 = ₹13.33. ಶಾಲಿನಿಯವರ ಚಿತ್ರದ ಅಂಕಿ ಇದೇ ಅಲ್ವಾ? ಮಣಿಪಾಲದವರು ಕೂಗಿದ್ದು 20, ಹಾಗಾಗಿ “ಕೆಳಗಿನವರ ಬೆಲೆಗಿಂತ ಒಂಚೂರು ಜಾಸ್ತಿ” ಎಂಬುದು ಇಲ್ಲಿ ಕೂಡುವುದಿಲ್ಲ. ಮಲ್ಪೆಯವರು ಕಾಪುವಿನವರ 90 ದಾಟಬೇಕು: 90 ÷ 8 = ₹11.25. ಮೇಲಿನ ಜಾಗದವರು ಕೆಳಗಿನವರಿಗಿಂತ ಅಗ್ಗಕ್ಕೆ ಕ್ಲಿಕ್ ಪಡೆದರು! ಮಣಿಪಾಲದವರ ಕೆಳಗೆ ಯಾರೂ ಇಲ್ಲ, ಆದರೂ ಅವರಿಗೆ ಪೈಸೆಯಲ್ಲಿ ಸಿಗುವುದಿಲ್ಲ. ಗೆರೆಯ 30 ದಾಟಬೇಕು: 30 ÷ 2 = ₹15. ಮೂವರಲ್ಲಿ ಕಟ್ಟಕಡೆಯವರದೇ ಎಲ್ಲಕ್ಕಿಂತ ದುಬಾರಿ ಕ್ಲಿಕ್.

ನಿಜವಾದ ಲೆಕ್ಕದಲ್ಲಿ ಇನ್ನೂ ಕೆಲವು ಸಂಗತಿಗಳು ಸೇರುತ್ತವೆ. ಕ್ಲಿಕ್ ಮಾಡಿದ ಮೇಲೆ ತೆರೆಯುವ ಪುಟ ಹೇಗಿದೆ, ಹುಡುಕಿದವರು ಎಲ್ಲಿದ್ದಾರೆ, ಮೊಬೈಲಾ ಕಂಪ್ಯೂಟರಾ, ಹೀಗೆ. ಪೂರ್ತಿ ಸೂತ್ರವನ್ನು ಗೂಗಲ್ ಹೊರಗೆ ಹೇಳಿಲ್ಲ. ಆದರೆ ಬೆನ್ನೆಲುಬು ಇದೇ.

ಕೈಪಿಡಿಯ ವಾಕ್ಯ ಎಲ್ಲಿಂದ ಬಂತು ಎಂದು ನನ್ನ ಊಹೆ ಹೇಳುತ್ತೇನೆ. 1998ರಲ್ಲಿ ಗೋಟು ಎಂಬ ಹುಡುಕುತಾಣ ಹೀಗೆಯೇ ಮಾರುತ್ತಿತ್ತು. ಹೆಚ್ಚು ಕೂಗಿದವರು ಮೇಲೆ, ಕೂಗಿದ್ದೇ ಬೆಲೆ. ಅದರಲ್ಲಿ ಮೇಲಿದ್ದವರು ಸ್ವಲ್ಪ ಸ್ವಲ್ಪ ಇಳಿಸಿ ನೋಡುವುದು, ಕೆಳಗಿದ್ದವರು ಒಂದು ಸೆಂಟು ಏರಿಸಿ ಹತ್ತುವುದು, ಕೊನೆಗೆ ಒಬ್ಬರು ಬೇಸತ್ತು ತಳಕ್ಕೆ ಇಳಿಯುವುದು, ಮತ್ತೆ ಶುರು. ದಿನವಿಡೀ ಬೆಲೆ ತಿದ್ದುವುದೇ ಕೆಲಸ. 2002ರಲ್ಲಿ ಗೂಗಲ್ ತನ್ನ ಕ್ಲಿಕ್ ಹರಾಜು ತಂದಾಗ ಕ್ಲಿಕ್ಕಿನ ಅಂದಾಜನ್ನು ಸೇರಿಸಿತು, ಸಾಕಾಗುವಷ್ಟೇ ಬೆಲೆ ತೆಗೆದುಕೊಳ್ಳುವ ಕ್ರಮವನ್ನೂ ತಂದಿತು. ಹಾಗಂತ ಹಳೆಯ ಕ್ರಮ ಎಲ್ಲ ಕಡೆಯೂ ಹೋಗಿಲ್ಲ. ಸುದ್ದಿ ತಾಣಗಳ ಪಕ್ಕದಲ್ಲಿ ಕಾಣುವ ಜಾಹೀರಾತುಗಳ ಮಾರುಕಟ್ಟೆ ಬಹುಪಾಲು ಕೂಗಿದ್ದೇ ಬೆಲೆ ಎಂಬ ಕಡೆಗೆ ಮರಳಿದೆ. ಅಂಥ ತಾಣಗಳ ಜಾಹೀರಾತಿನ ಜಾಗ ಮಾರುವ ಗೂಗಲ್‌ನ ಆಡ್ ಮ್ಯಾನೇಜರ್ 2019ರಲ್ಲಿ ಹಾಗೆ ಬದಲಾಯಿತು. ಕೈಪಿಡಿಯಲ್ಲಿ “ಹುಡುಕಾಟದ ಜಾಹೀರಾತು” ಎಂದು ಸ್ಪಷ್ಟವಾಗಿ ಬರೆಯಿರಿ.

ವಾಲ್ಟರ್, ಮಂಗಳೂರು

ಒಪ್ಪಿದೆ. ಆದರೆ ಒಂದು ಕೇಳುತ್ತೇನೆ. ಸಾಕಾಗುವಷ್ಟೇ ತೆಗೆದುಕೊಳ್ಳುವುದಾದರೆ ಕಾಪುವಿನವರು ಧೈರ್ಯವಾಗಿ ₹500 ಬರೆದುಬಿಟ್ಟರೆ ಏನು ನಷ್ಟ?

ಪ್ರಸನ್ನ, ಮಣಿಪಾಲ

ಮೊದಲ ಜಾಗ ಬರುತ್ತದೆ. ಆದರೆ ಆಗ ಮಲ್ಪೆಯವರ 120 ದಾಟಬೇಕು: 120 ÷ 3 = ಪ್ರತಿ ಕ್ಲಿಕ್ಕಿಗೆ ₹40. ಒಂದು ಕ್ಲಿಕ್ಕಿನಿಂದ ಅವರಿಗೆ ಸರಾಸರಿ ₹30 ಮಾತ್ರ ಹುಟ್ಟುವುದಾದರೆ ಪ್ರತಿ ಕ್ಲಿಕ್ಕಿಗೂ ಹತ್ತು ರೂಪಾಯಿ ಕೈಯಿಂದ ಹೋಯಿತು. ಎರಡನೇ ಜಾಗದಲ್ಲಿ ₹13.33ಕ್ಕೆ ಇದ್ದದ್ದೇ ಲಾಭ. ನಾಳೆ ಇನ್ನೊಬ್ಬರೂ ಇದೇ ಧೈರ್ಯದಲ್ಲಿ 400 ಬರೆದರೆ ಕೇಳುವುದೇ ಬೇಡ.

ಅದಕ್ಕೇ ನಾನು ‘ದರ’ ಬೇಡ ಎನ್ನುತ್ತೇನೆ. ಬರೆಯುವುದು ದರ ಅಲ್ಲ, ಮಿತಿ. `Max. CPC` ಎಂದರೆ ಕ್ಲಿಕ್ಕಿನ ಮಿತಿ, `Avg. CPC` ಎಂದರೆ ಕೊಟ್ಟ ಬೆಲೆಯ ಸರಾಸರಿ. ಎರಡೂ ಯಾವಾಗಲೂ ಹತ್ತಿರ ಹತ್ತಿರ ಬರುತ್ತಿದ್ದರೆ ಪೈಪೋಟಿ ಬಿಗಿ ಇದೆ, ಇಲ್ಲವೇ ನಿಮ್ಮ ಕ್ಲಿಕ್ಕಿನ ಅಂದಾಜು ಕಡಿಮೆ ಇದೆ ಎಂದು ತಿಳಿಯಬೇಕು.

ಗಿರಿಜಾ, ಕುಂದಾಪುರ

ಪ್ರಸನ್ನ ಅವರೇ, ಇಷ್ಟು ಗೊತ್ತಿರುವವರು ಸಿಕ್ಕಿದ್ದೀರಿ, ನಮ್ಮದನ್ನೂ ಕೇಳಿಬಿಡುತ್ತೇನೆ. ನಮ್ಮ ತಮ್ಮನ ಲಾಡ್ಜಿಗೆ ಜಾಹೀರಾತು ಹಾಕಿದ್ದೇವೆ. ದುಡ್ಡು ಮಧ್ಯಾಹ್ನದೊಳಗೆ ಮುಗಿಯುತ್ತದೆ, ಕೋಣೆ ಕೇಳಿ ಒಂದು ಫೋನಿಲ್ಲ. ಮೊನ್ನೆ ಒಬ್ಬರು ಬೆಂಗಳೂರಿನಿಂದ ಫೋನ್ ಮಾಡಿ “ಮಸಾಲೆದೋಸೆ ಪಾರ್ಸೆಲ್ ಇದೆಯಾ” ಎಂದು ಕೇಳಿದರು. ಮಿತಿ ಏರಿಸಿ ಮೇಲೆ ಹೋದರೆ ಸರಿಯಾಗುತ್ತದಾ?

ಪ್ರಸನ್ನ, ಮಣಿಪಾಲ

ಗಿರಿಜಕ್ಕ, ಏರಿಸಬೇಡಿ! ದೋಸೆಯ ಫೋನೇ ಗುಟ್ಟು ಹೇಳಿದೆ. ನೀವು “ಉಡುಪಿ ಹೋಟೆಲ್” ಎಂಬ ಪದಕ್ಕೆ ಜಾಹೀರಾತು ಹಾಕಿರಬೇಕು. ಬೆಂಗಳೂರಿನವರಿಗೆ ಉಡುಪಿ ಹೋಟೆಲ್ ಎಂದರೆ ಇಡ್ಲಿ, ದೋಸೆ, ಕಾಫಿ. ಅವರು ಹುಡುಕಿದಾಗಲೂ ನೀವು ಹರಾಜಿಗೆ ಹೋಗುತ್ತಿದ್ದೀರಿ. ಹೆಚ್ಚಿನವರು ನಿಮ್ಮದನ್ನು ಒತ್ತುವುದಿಲ್ಲ, ಹಾಗಾಗಿ ಅಂದಾಜು ಇಳಿದು ಕ್ಲಿಕ್ ದುಬಾರಿ. ಒತ್ತಿದ ಕೆಲವರಿಗೆ ಬೇಕಾದದ್ದು ಕೋಣೆ ಅಲ್ಲ, ಆ ದುಡ್ಡೂ ದಂಡ.

`Search terms` ಎಂಬ ಪುಟ ತೆರೆದು ಜನ ನಿಜಕ್ಕೂ ಏನು ಬರೆದು ಹುಡುಕಿದ್ದಾರೆ ನೋಡಿ. ದೋಸೆ, ಊಟ, ಮೆನು, ವೆಜ್, ಪಾರ್ಸೆಲ್ ಕಂಡರೆ, ಆ ಪದ ಹುಡುಕಿದವರಿಗೆ ನಿಮ್ಮ ಜಾಹೀರಾತು ಕಾಣದಂತೆ `Negative keywords`ಗೆ ಹಾಕಿ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹಾಕಬೇಕು, ಅದು ತಾನಾಗಿ ಅನುವಾದ ಮಾಡಿಕೊಳ್ಳುವುದಿಲ್ಲ. ಬೆಂಗಳೂರನ್ನೇ ಮುಚ್ಚಿಬಿಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಮಠಕ್ಕೆ, ಮಲ್ಪೆಗೆ ಬರುವವರು ಕೋಣೆ ಹುಡುಕುವುದು ಅಲ್ಲಿಂದಲೇ.

ಇನ್ನೊಂದು. `Search lost IS (budget)` ಜಾಸ್ತಿ ಇದ್ದರೆ ದಿನದ ದುಡ್ಡು ಸಾಲದೆ ತಪ್ಪಿದ ಹುಡುಕಾಟಗಳು. `Search lost IS (rank)` ಜಾಸ್ತಿ ಇದ್ದರೆ ಹರಾಜಿನಲ್ಲಿ ಸೋತವು. ನೀವು ಹೇಳಿದ್ದು ನೋಡಿದರೆ ಮೊದಲನೆಯದೇ ದೊಡ್ಡದಿರಬೇಕು. ಅದಕ್ಕೆ ಮಿತಿ ಏರಿಸಿದರೆ ದುಡ್ಡು ಇನ್ನೂ ಬೇಗ ಮುಗಿಯುತ್ತದೆ.

ವಾಸುದೇವ ರಾವ್, ಕಾರ್ಕಳ

ಲೆಕ್ಕ ಚೆನ್ನಾಗಿ ಅರ್ಥವಾಯಿತು. ಪದಕ್ಕೆ ಬರುತ್ತೇನೆ. ‘ಸವಾಲು’ ಹರಾಜಿನ ಹಳೆಯ ಮಾತು, ಪತ್ರಿಕೆಯ ಹರಾಜು ಪ್ರಕಟಣೆಗಳಲ್ಲಿ ಈಗಲೂ ಕಾಣುತ್ತದೆ. ಆದರೆ ಇಂದಿನ ಓದುಗರಿಗೆ ಸವಾಲು ಎಂದರೆ ಎದುರಾದ ಕಷ್ಟ. ‘ಕೂಗು’ ಇಲ್ಲಿ ಸಲ್ಲದು, ಯಾರೂ ಕೂಗುವುದಿಲ್ಲ, ಇನ್ನೊಬ್ಬರಿಗೆ ಕೇಳಿಸುವುದೂ ಇಲ್ಲ. ‘ಬಿಡ್’ ಎಂದೇ ಬರೆದು, ಮೊದಲ ಸಲ ಬಂದಾಗ “ಒಂದು ಕ್ಲಿಕ್ಕಿಗೆ ನೀವು ಒಪ್ಪುವ ಹೆಚ್ಚಿನ ಮಿತಿ” ಎಂದು ಬಿಡಿಸಿ ಹೇಳುವುದು ಒಳ್ಳೆಯದು.

ಅಧ್ಯಾಯದಲ್ಲಿ ಮುಂದೆ ‘ಗುಣಮಟ್ಟ’ ಎಂಬ ಮಾತು ಬಂದೇ ಬರುತ್ತದೆ. ಅದು ನನಗೆ ಸರಿಕಾಣುವುದಿಲ್ಲ. ಗುಣಮಟ್ಟ ಎಂದರೆ ಜನ ಚಂದದ ಫೋಟೋ, ಒಳ್ಳೆಯ ಕೋಣೆ ಎಂದುಕೊಳ್ಳುತ್ತಾರೆ. ಪ್ರಸನ್ನ ಹೇಳಿದ್ದು ಬೇರೆ: ಹುಡುಕಿದ್ದಕ್ಕೂ ಜಾಹೀರಾತಿಗೂ ಎಷ್ಟು ಕೂಡಿಬರುತ್ತದೆ ಎಂಬುದು. ‘ಹೊಂದಿಕೆ’ ಆಗಬಹುದೇ?

ಪ್ರಸನ್ನ, ಮಣಿಪಾಲ

ಮಾಸ್ಟ್ರೇ, ‘ಹೊಂದಿಕೆ’ ಇಷ್ಟವಾಯಿತು, ಆದರೆ ಪೂರ್ತಿ ಒಪ್ಪಲಾರೆ. ಕ್ಲಿಕ್ ಮಾಡಿದ ಮೇಲೆ ಪುಟ ತೆರೆಯಲು ಹೊತ್ತು ಹಿಡಿದರೂ ಅಂಕ ಇಳಿಯುತ್ತದೆ. ಅದನ್ನು ಹೊಂದಿಕೆ ಎನ್ನಲು ಬರುವುದಿಲ್ಲ. ಜೊತೆಗೆ ಪರದೆಯ ಮೇಲೆ `Quality Score` ಎಂದು 1ರಿಂದ 10ರ ಅಂಕ ಕಾಣುತ್ತದಲ್ಲ, ಅದು ನಮಗೆ ಸುಳಿವು ಕೊಡಲು ಮಾತ್ರ. ಹರಾಜಿನಲ್ಲಿ ಆ ಅಂಕವನ್ನೇ ಇಟ್ಟು ಗುಣಿಸುವುದಿಲ್ಲ. ಎರಡಕ್ಕೂ ಒಂದೇ ಪದ ಹಾಕಿದರೆ ಓದುವವರು ಗಲಿಬಿಲಿಯಾಗುತ್ತಾರೆ.

ವಾಲ್ಟರ್, ಮಂಗಳೂರು

ಏಲಂ ಬಿಡಲು ನನಗೆ ಮನಸ್ಸಿಲ್ಲ. ಕೂಗದಿದ್ದರೂ ಏಲಂ ಏಲಂ ಅಲ್ವಾ?

ಶಾಲಿನಿ, ಉಡುಪಿ

ವಾಲ್ಟರ್ ಅವರೇ, ಕೈಪಿಡಿ ಬೀದರಿಗೂ ಹೋಗುತ್ತದೆ. ಅದಕ್ಕೆ ಹರಾಜು ಎಂದೇ ಇಡುತ್ತೇನೆ.

ಕೈಪಿಡಿಯ ಆ ಕೊನೆಯ ಎರಡು ವಾಕ್ಯ ತೆಗೆದು ಪ್ರಸನ್ನ ಅವರ ನಾಲ್ಕು ಮನೆಗಳ ಲೆಕ್ಕ ಹಾಕುತ್ತೇನೆ, ಅವರ ಒಪ್ಪಿಗೆ ಇದ್ದರೆ. ‘ಬಿಡ್’ ಹಾಗೇ ಇರಲಿ, ‘ಮಿತಿ’ ಎಂದು ಬಿಡಿಸುತ್ತೇನೆ. ‘ಗುಣಮಟ್ಟ’ದ ಮಾತು ಮುಗಿದಿಲ್ಲ, ಬೇರೆಯವರೂ ಹೇಳಿ. ಇನ್ನೊಂದು ಪದವೂ ಬೇಕು: ಗುಣಿಸಿದಾಗ ಬಂದ ಆ 120, 90, 40. ಗೂಗಲ್ ಅದನ್ನು `Ad Rank` ಎನ್ನುತ್ತದೆ. ‘ಸ್ಥಾನ’ ಎಂದರೆ ಜಾಹೀರಾತು ಕಾಣುವ ಜಾಗಕ್ಕೇ ಅದೇ ಮಾತು ಇದೆ. ‘ಅಂಕ’ ಎಂದರೆ `Quality Score` ಜೊತೆ ಕಲಸಿಹೋಗುತ್ತದೆ. ಏನೆನ್ನಬಹುದು?