ಎಕ್ಸ್‌ಪೈರಿ ದಿನ ಡೆಲ್ಟಾ 1.00, ವೇಗಾ 0 ಬರುತ್ತಿದೆ. ಫಾರ್ಮುಲಾ ಸರಿಯಾಗಿಯೇ ಇದೆ!

ಕಾಲ್_ಕರಿಯಪ್ಪ
ತಲೆ ಕೆಟ್ಟು ಹೋಗಿದೆ. ಬ್ಲಾಕ್-ಶೋಲ್ಸ್ ಪೈಥಾನ್‌ನಲ್ಲಿ ನಾನೇ ಬರೆದದ್ದು. ಹೋದ ವಾರದವರೆಗೂ ಬ್ರೋಕರ್ ಸ್ಕ್ರೀನ್‌ಗೂ ನನ್ನ ಲೆಕ್ಕಕ್ಕೂ ಹೆಚ್ಚುಕಮ್ಮಿ ತಾಳೆ ಆಗುತ್ತಿತ್ತು. ನಿನ್ನೆಯಿಂದ ಎಕ್ಕುಟ್ಟಿದೆ. ಇವತ್ತು ಎಕ್ಸ್‌ಪೈರಿ. ಸ್ಕ್ರೀನ್ ಮೇಲೆ ಡೆಲ್ಟಾ 0.72, ನನ್ನದು 1.00. ವೇಗಾ ಪೂರ್ತಿ ಸೊನ್ನೆ. ಫಾರ್ಮುಲಾನ ಸಾಲು ಸಾಲಾಗಿ ನೋಡಿದ್ದೇನೆ, ತಪ್ಪಿಲ್ಲ. ಬ್ರೋಕರ್ ಏನೋ ಬೇರೆ ಮಾಡೆಲ್ ಬಳಸುತ್ತಿದ್ದಾರಾ?

ಥೀಟಾ_ಮಾವ
ಇದರಲ್ಲಿ ಆಶ್ಚರ್ಯ ಏನಿದೆ? ಎಕ್ಸ್‌ಪೈರಿ ಹತ್ತಿರ ಬಂದರೆ ಡೆಲ್ಟಾ ಒಂದೋ 0, ಇಲ್ಲಾ 1. ವೇಗಾ ಸೊನ್ನೆಗೆ ಇಳಿಯಲೇಬೇಕು. ನಿಮ್ಮದೇ ಸರಿ, ಸ್ಕ್ರೀನ್ ಹಳೇ ಡೇಟಾ ತೋರಿಸುತ್ತಿರಬೇಕು.

ಸ್ಮೈಲ್_ಸುಬ್ಬು
ಥೀಟಾ ಮಾವ, ಅಷ್ಟು ಸುಲಭ ಅಲ್ಲ. ಇದು ಐವಿ ಸಮಸ್ಯೆ. ನೂರಕ್ಕೆ ನೂರು. ಕೊನೇ ದಿನ ಐವಿ ಏರುತ್ತದೆ, ನೀವು ಹಳೇ ಐವಿ ಹಾಕುತ್ತಿದ್ದೀರಿ. ಎಷ್ಟು ಹಾಕಿದ್ದೀರಿ?

ಕಾಲ್_ಕರಿಯಪ್ಪ
20%. ಸ್ಕ್ರೀನ್‌ನಲ್ಲೂ ಅದೇ ಇದೆ.

ಸ್ಮೈಲ್_ಸುಬ್ಬು
ಸ್ಕ್ರೀನ್‌ನದ್ದು ಸರಾಸರಿ ಐವಿ ಇರುತ್ತದೆ. ಆ ಸ್ಟ್ರೈಕ್‌ನದ್ದೇ ಬೇಕು. 40 ಹಾಕಿ ನೋಡಿ.

ಕಾಲ್_ಕರಿಯಪ್ಪ
40 ಹಾಕಿದೆ, 1.00. 80 ಹಾಕಿದೆ, ಆಗಲೂ 1.00.

ಸ್ಮೈಲ್_ಸುಬ್ಬು
ಹಾಗಾದರೆ ಇನ್ನೂ ಜಾಸ್ತಿ ಇದೆ. ಸ್ಮೈಲ್ ಕಡಿದಾಗಿರುವ ದಿನ ನೂರು ದಾಟುವುದು ಹೊಸದೇನಲ್ಲ.

ವೇಗಾ_ವನಜ
ನನಗೂ ವೇಗಾ ತೊಂದರೆ ಇದೆ, ಇಲ್ಲೇ ಕೇಳುತ್ತೇನೆ. ಸ್ಟಾಕ್ 100, ಸ್ಟ್ರೈಕ್ 100, ಐವಿ 20, 30 ದಿನ ಬಾಕಿ, ಬಡ್ಡಿ ಸೊನ್ನೆ. ನನಗೆ 11.43 ಬರುತ್ತದೆ, ಸ್ಕ್ರೀನ್‌ನಲ್ಲಿ 0.114. ಅದೇ ಕಾರಣವಾ?

ಗಡಿಯಾರ_ರಾಯ
ವನಜಾ ಮೇಡಂ, ನಿಮ್ಮದು ಬೇರೆ. 100ರಿಂದ ಭಾಗಿಸಿ, ಅಷ್ಟೇ. ಫಾರ್ಮುಲಾ ಕೊಡುವುದು ಐವಿ 0.20ರಿಂದ 1.20ಕ್ಕೆ ಏರಿದರೆ ಎಷ್ಟು ಅಂತ. ಸ್ಕ್ರೀನ್ ತೋರಿಸುವುದು 20ರಿಂದ 21ಕ್ಕೆ ಏರಿದರೆ ಎಷ್ಟು ಅಂತ.

ಕರಿಯಪ್ಪನವರೇ, ಸ್ಟಾಕ್ ಎಷ್ಟು, ಸ್ಟ್ರೈಕ್ ಎಷ್ಟು, ಆಪ್ಷನ್ ಬೆಲೆ ಎಷ್ಟು, ಎಷ್ಟು ಗಂಟೆ ಬಾಕಿ? ಇವು ನಾಲ್ಕೂ ಇಲ್ಲದೆ ಯಾರು ಏನು ಹೇಳುವುದು? T ಲೆಕ್ಕ ಹಾಕುವ ಸಾಲನ್ನೂ ಇಲ್ಲಿ ಹಾಕಿ.

ಕಾಲ್_ಕರಿಯಪ್ಪ
T ದಿನ ಭಾಗಿಸು 365, ಎಲ್ಲರೂ ಹಾಕುವುದೇ. ಸ್ಟಾಕ್ 100.30, ಸ್ಟ್ರೈಕ್ 100ರ ಕಾಲ್, ಬೆಲೆ 0.39. ಈಗ ಬೆಳಗ್ಗೆ 10, ಎಕ್ಸ್‌ಪೈರಿ ಸಂಜೆ 4. ಬಡ್ಡಿ ಸೊನ್ನೆ ಇಟ್ಟಿದ್ದೇನೆ.

```python
expiry = datetime.strptime(exp_str, "%Y-%m-%d")
T = max((expiry - datetime.now()).days / 365, 1e-6)
```

ಆ `max` ಹಾಕದಿದ್ದರೆ `nan` ಬರುತ್ತದೆ.

ಗಡಿಯಾರ_ರಾಯ
ಸಿಕ್ಕಿತು. `nan` ಬಂದದ್ದೇ ಸುಳಿವು. ಅದನ್ನು `max` ಮುಚ್ಚಿಹಾಕಿದೆ.

`exp_str`ನಲ್ಲಿ ಗಂಟೆ ಇಲ್ಲ. ಹಾಗಾಗಿ ಪೈಥಾನ್ ಪ್ರಕಾರ ಎಕ್ಸ್‌ಪೈರಿ ಇವತ್ತು ಬೆಳಗಿನ ಜಾವ 00:00ಕ್ಕೇ ಮುಗಿದಿದೆ. ಈಗ 10 ಗಂಟೆ, ಅಂದರೆ ಮೈನಸ್ 10 ಗಂಟೆ. ಅದಕ್ಕೆ `.days` ಕೇಳಿದರೆ 0 ಅಲ್ಲ, -1 ಬರುತ್ತದೆ, ಯಾಕೆಂದರೆ ಅದು ಯಾವಾಗಲೂ ಕೆಳಗಿನ ಪೂರ್ಣ ದಿನಕ್ಕೆ ಇಳಿಸುತ್ತದೆ. ಮೈನಸ್‌ಗೆ ವರ್ಗಮೂಲ ತೆಗೆಯಲು ಹೋಗಿ `nan`. ನಿನ್ನೆ ಬೆಳಗ್ಗೆ ನಿಜವಾಗಿ 30 ಗಂಟೆ ಬಾಕಿ ಇತ್ತು. ನಿಮ್ಮ ಕೋಡ್‌ಗೆ ಕಂಡದ್ದು 14, ಅದನ್ನೂ `.days` 0 ಮಾಡಿತು. ಅದಕ್ಕೇ ನಿನ್ನೆಯಿಂದ ಕೆಟ್ಟಿದೆ.

ಇನ್ನು 1e-6 ವರ್ಷ ಅಂದರೆ ಸುಮಾರು 31 ಸೆಕೆಂಡ್. ಬೆಳಗ್ಗೆ 10ಕ್ಕೇ ನೀವು ಫಾರ್ಮುಲಾಗೆ ಅರ್ಧ ನಿಮಿಷ ಬಾಕಿ ಅಂತ ಹೇಳುತ್ತಿದ್ದೀರಿ. ಅಷ್ಟರಲ್ಲಿ 100.30 ಇಳಿದು 100ರ ಕೆಳಗೆ ಹೋಗುತ್ತದಾ? ಹೋಗುವುದಿಲ್ಲ. ಹಾಗಾಗಿ 1.00. ನೀವು ಕೇಳಿದ್ದಕ್ಕೆ ಅದು ಸರಿಯಾದ ಉತ್ತರವನ್ನೇ ಕೊಟ್ಟಿದೆ.

ಸುಬ್ಬು ಅವರೇ, ಆ T ಇಟ್ಟುಕೊಂಡು 0.72 ಬರಿಸಲು ಐವಿ ಸುಮಾರು 523% ಬೇಕು. ಅದು ಸ್ಮೈಲ್ ಅಲ್ಲ.

ಥೀಟಾ ಮಾವ, ಬೆಲೆ 0.39 ನೋಡಿ. ಈಗಲೇ ಎಕ್ಸರ್ಸೈಸ್ ಮಾಡಿದರೆ ಸಿಗುವುದು 0.30. ಉಳಿದ 0.09 ಟೈಮ್ ವ್ಯಾಲ್ಯೂ. ಅದು ಜೀವಂತ ಇರುವ ತನಕ ವೇಗಾ ಪೂರ್ತಿ ಸೊನ್ನೆ ಆಗುವುದಿಲ್ಲ. 6 ಗಂಟೆ ಹಾಕಿದರೆ ಡೆಲ್ಟಾ 0.717, ವೇಗಾ 0.0089.

ಥೀಟಾ_ಮಾವ
ನಾನು ಹೇಳಿದ್ದೂ ಅದೇ ಅಲ್ವಾ, ಸೊನ್ನೆಯ ಹತ್ತಿರ. ಕೊನೇ ದಿನ ವೇಗಾ ಯಾರು ನೋಡುತ್ತಾರೆ? ನಾನು ಮೂರು ಮಾನಿಟರ್ ಇಟ್ಟಿದ್ದೇನೆ, ಒಂದರಲ್ಲಿ ಬರೀ ಗಾಮಾ. ನಾಲ್ಕನೆಯದಕ್ಕೆ ಸ್ಟ್ಯಾಂಡ್ ಬರಬೇಕು.

ಸ್ಮೈಲ್_ಸುಬ್ಬು
ಒಪ್ಪಿದೆ, ಆದರೆ ಐವಿಯದ್ದು ಏನೂ ಪಾತ್ರ ಇಲ್ಲ ಅಂತಲ್ಲ. ಅಲ್ಲದೆ 365 ಯಾಕೆ? ಮಾರ್ಕೆಟ್ ತೆರೆದಿರುವ 252 ದಿನ ಹಾಕಬೇಕು. ದಿನಕ್ಕೆ ಆರೂವರೆ ಗಂಟೆ ಅಂತ ಹಿಡಿದರೆ ಡೆಲ್ಟಾ 0.60 ಬರುತ್ತದೆ, 0.72 ಅಲ್ಲ.

ಗಡಿಯಾರ_ರಾಯ
ಐವಿ 20 ಅಂತಲೇ ಇಟ್ಟರೆ ಹೌದು, 0.60. ಆದರೆ ಆ 20 ಎಲ್ಲಿಂದ ಬಂತು? ಅದೇ 0.39 ಬೆಲೆಯಿಂದ, 365ರ ಲೆಕ್ಕದಲ್ಲಿ ತೆಗೆದದ್ದು. ನಿಮ್ಮ 252ರ ಲೆಕ್ಕದಲ್ಲಿ ಅದೇ ಬೆಲೆಗೆ ಐವಿ ಸುಮಾರು 8.65 ಬರುತ್ತದೆ. ಅದನ್ನು ಹಾಕಿ, ಡೆಲ್ಟಾ ಮತ್ತೆ 0.717. ಬಡ್ಡಿ ಸೊನ್ನೆ ಇದ್ದಾಗ ಬೆಲೆಯಲ್ಲೂ ಡೆಲ್ಟಾದಲ್ಲೂ σ ಮತ್ತು T ಬೇರೆ ಬೇರೆ ಕಾಣಿಸಿಕೊಳ್ಳುವುದೇ ಇಲ್ಲ, `σ√T` ಒಟ್ಟಿಗೇ ಬರುತ್ತದೆ. ಒಂದು ಗಡಿಯಾರದ ಐವಿಯನ್ನು ಇನ್ನೊಂದು ಗಡಿಯಾರಕ್ಕೆ ಹಾಕಬಾರದು, ಅಷ್ಟೇ.

ವೇಗಾ ಮಾತ್ರ ಬದಲಾಗುತ್ತದೆ. ಅದರಲ್ಲಿ `√T` ಒಂಟಿಯಾಗಿ ಇದೆ. 252ರಲ್ಲಿ ಅದು 0.0205, ಎರಡು ಪಟ್ಟಿಗಿಂತ ಜಾಸ್ತಿ. ಹಾಗಾಗಿ ಎರಡು ಸ್ಕ್ರೀನ್‌ಗಳ ವೇಗಾ ಹೋಲಿಸುವ ಮೊದಲು ಎರಡರ ಗಡಿಯಾರ ಒಂದೇನಾ ಅಂತ ನೋಡಿ.

ಕಾಲ್_ಕರಿಯಪ್ಪ
ಹೀಗೆ ಬದಲಾಯಿಸಿದೆ:

```python
end = expiry + timedelta(hours=16)
left = (end - datetime.now()).total_seconds()
T = left / (365 * 24 * 3600)
```

0.71 ಬಂತು, ಈಗ ಇನ್ನೂ ಕಡಿಮೆ ಗಂಟೆ ಬಾಕಿ, ಸ್ಟಾಕೂ ಸ್ವಲ್ಪ ಇಳಿದಿದೆ. ಸ್ಕ್ರೀನ್‌ಗೆ ತಾಳೆ ಆಗುತ್ತಿದೆ. ಆದರೆ ಐವಿ ಹುಡುಕುವ ಫಂಕ್ಷನ್ ಆಗಾಗ ಎಲ್ಲೆಲ್ಲಿಗೋ ಹಾರುತ್ತದೆ. ನ್ಯೂಟನ್ ವಿಧಾನ ಬಳಸಿದ್ದೇನೆ.

ಗಡಿಯಾರ_ರಾಯ
ನ್ಯೂಟನ್ ಪ್ರತಿ ಹೆಜ್ಜೆಯಲ್ಲೂ ವೇಗಾದಿಂದ ಭಾಗಿಸುತ್ತದೆ. ವೇಗಾ ಚಿಕ್ಕದಾದಷ್ಟೂ ಹೆಜ್ಜೆ ದೊಡ್ಡದು. ಕೊನೇ ದಿನಕ್ಕೆ ಬೈಸೆಕ್ಷನ್ ಬಳಸಿ, ನಿಧಾನ ಆದರೂ ಹಾರುವುದಿಲ್ಲ. ಆಗಲೇ ಎಕ್ಸರ್ಸೈಸ್ ಮಾಡಿದರೆ ಸಿಗುವುದಕ್ಕಿಂತ ಬೆಲೆ ಕೆಳಗಿದ್ದರೆ ಹುಡುಕಲೇಬೇಡಿ, ಅಲ್ಲಿ ಐವಿ ಇರುವುದೇ ಇಲ್ಲ.

ವೇಗಾ_ವನಜ
100ರಿಂದ ಭಾಗಿಸಿದೆ, ಸರಿ ಹೋಯಿತು. ಕೊನೇ 10 ನಿಮಿಷದಲ್ಲೂ ಈ ಡೆಲ್ಟಾ ನಂಬಬಹುದಾ?

ಗಡಿಯಾರ_ರಾಯ
ಲೆಕ್ಕ ಸರಿ, ಉಪಯೋಗ ಕಡಿಮೆ. 10 ನಿಮಿಷ ಬಾಕಿ ಇದ್ದಾಗ ಸ್ಟಾಕ್ 99.95ರಿಂದ 100.05ಕ್ಕೆ ಬಂದರೆ ಡೆಲ್ಟಾ 0.28ರಿಂದ 0.72ಕ್ಕೆ ಹಾರುತ್ತದೆ. ಅದರ ಹಿಂದೆ ಓಡಿ ಹೆಡ್ಜ್ ಮಾಡಿದರೆ ಪ್ರತಿ ಸಲ ಬಿಡ್-ಆಸ್ಕ್ ನಡುವಿನ ಅಂತರ ಕಳೆದುಕೊಳ್ಳುತ್ತೀರಿ. ನಾನಂತೂ ಆ ಹೊತ್ತಿಗೆ ಪೊಸಿಷನ್ ಮುಚ್ಚಿರುತ್ತೇನೆ.

ಥೀಟಾ_ಮಾವ
ಮುಚ್ಚುವುದಾ? ಮಜಾ ಇರುವುದೇ ಆ 10 ನಿಮಿಷದಲ್ಲಿ.

ಸ್ಮೈಲ್_ಸುಬ್ಬು
ಗಡಿಯಾರದ ವಿಷಯ ಇನ್ನೂ ಮುಗಿದಿಲ್ಲ. ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಗ್ಗೆವರೆಗೆ ನಿಮ್ಮ 365ರ T ಓಡುತ್ತಲೇ ಇರುತ್ತದೆ. ಬೆಲೆ ಅಷ್ಟು ಇಳಿದಿರುವುದಿಲ್ಲ, ಹಾಗಾಗಿ ಸೋಮವಾರ ಐವಿ ಸುಮ್ನೆ ಏರಿದ ಹಾಗೆ ಕಾಣುತ್ತದೆ. ಅದಕ್ಕೇನಂತೀರಿ?

ಗಡಿಯಾರ_ರಾಯ
ಅದು ನಿಜ. ವಾರಾಂತ್ಯಕ್ಕೆ ಸ್ವಲ್ಪ ಕಡಿಮೆ ತೂಕ ಕೊಡುವವರಿದ್ದಾರೆ. ಎಷ್ಟು ಕಡಿಮೆ ಅನ್ನುವುದಕ್ಕೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಬೇರೆ ಥ್ರೆಡ್ ತೆರೆಯಿರಿ, ಅಲ್ಲಿ ಜಗಳ ಆಡೋಣ.