ಅಪ್‌ಡೇಟ್: ಕೈಬರಹದ ಉತ್ತರ ಎಐ ಬರಹವೆಂದು ಬಂದ ಪ್ರಕರಣ

ನನ್ನ ಹಿಂದಿನ ಪ್ರಶ್ನೆ: "ಹಾಸನದ ನಮ್ಮ ಕಾಲೇಜಿನ ವಿದ್ಯಾರ್ಥಿನಿ ಕೈಯಲ್ಲಿ ಬರೆದುಕೊಟ್ಟ ಅಸೈನ್‌ಮೆಂಟ್ ಸ್ಕ್ಯಾನ್ ಆದ ಮೇಲೆ ಎಐ ಬರಹವೆಂದು ಬಂದಿದೆ. ಏನು ಪರಿಶೀಲಿಸಬೇಕು?"

ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ನಿಮ್ಮ ಸಲಹೆಯಂತೆ ಮೂಲ ಹಾಳೆಯನ್ನೂ, ಸ್ಕ್ಯಾನ್ ಚಿತ್ರದ ಕೈಬರಹವನ್ನು ಓದಿ ಪಠ್ಯವಾಗಿಸುವ ಒಸಿಆರ್ ತಂತ್ರಾಂಶ ಕೊಟ್ಟ ಪಠ್ಯವನ್ನೂ ಅಕ್ಕಪಕ್ಕ ಇಟ್ಟು ಸಾಲುಸಾಲಾಗಿ ಓದಿದೆ.

ಗೊರೂರಿನ ಹೇಮಾವತಿ ಅಣೆಕಟ್ಟಿನ ಬಗ್ಗೆ ಬರೆಯುವಾಗ ಆಕೆ ಎಲ್ಲ ಕಡೆಯೂ 'ಅಭಿವೃದ್ದಿ' ಎಂದು ಅಲ್ಪಪ್ರಾಣದಲ್ಲೇ ಬರೆದಿದ್ದಳು. ಪಠ್ಯದಲ್ಲಿ ಮಾತ್ರ ಪ್ರತಿ ಸಲವೂ 'ಅಭಿವೃದ್ಧಿ' ಎಂದೇ ಇತ್ತು. ಹೊಡೆದುಹಾಕಿದ ಎರಡು ಸಾಲುಗಳು ಮಾಯವಾಗಿದ್ದವು, ಅಂಚಿನಲ್ಲಿ ಬಾಣ ಹಾಕಿ ಸೇರಿಸಿದ್ದ ಮಾತು ವಾಕ್ಯದೊಳಗೆ ನಯವಾಗಿ ಕೂತಿತ್ತು. ಅಕ್ಷರ ಅಸ್ಪಷ್ಟವಾದಲ್ಲಿ ಭಾಷಾ ಮಾದರಿಯ ನೆರವು ಪಡೆಯುವ ಒಸಿಆರ್, ಕಂಡದ್ದನ್ನಷ್ಟೇ ಬರೆಯದೆ ಅಲ್ಲಿ ಇರಬಹುದಾದ ಪದವನ್ನು ಊಹಿಸಿ ತುಂಬುತ್ತದೆ. ಮುಂದಿನ ಪದ ಎಷ್ಟು ಸುಲಭವಾಗಿ ಊಹೆಗೆ ಸಿಗುತ್ತದೆ ಎಂಬುದನ್ನು ಅಳೆಯುವ ಪತ್ತೆ ಸಾಧನಕ್ಕೆ ಹೀಗೆ ತಿದ್ದಿದ ಪಠ್ಯ ಯಂತ್ರದ ಬರಹದಂತೆ ಕಾಣುವುದು ಸಹಜ. ಆಕೆಯ ತಪ್ಪುಗಳೇ ಆಕೆಯ ಸಾಕ್ಷಿಯಾಗಿದ್ದವು. ಅವನ್ನೇ ಅಳಿಸಿ ಆಕೆಯನ್ನು ದೂರಿದ್ದು ನನಗೆ ತುಂಬ ನೋವು ತಂದಿತು.

ತಪ್ಪುಗಳ ಸಮೇತ ನಾನೇ ಟೈಪ್ ಮಾಡಿ ಪತ್ತೆ ಸಾಧನದಲ್ಲಿ ಪರೀಕ್ಷಿಸಿದಾಗ ಎಐ ಬರಹವೆಂದು ತೋರಿಸುವ ಅಂಕಿ ಬಹಳ ಕೆಳಗಿಳಿಯಿತು. ಆದರೂ ಅದನ್ನು ಪುರಾವೆಯಾಗಿ ಮುಂದಿಡಲಿಲ್ಲ, ಏಕೆಂದರೆ ಪರದೆ ನೋಡಿ ನಕಲು ಮಾಡುವವರೂ ಕಾಗುಣಿತ ತಪ್ಪಬಹುದು. ವಿಭಾಗದ ಮುಖ್ಯಸ್ಥರಿಗೆ ಎರಡೂ ಪ್ರತಿ ತೋರಿಸಿ, ಆಕೆಯನ್ನು ಮೌಖಿಕವಾಗಿ ಪ್ರಶ್ನಿಸಲು ಕೋರಿದೆ. ಹೊಡೆದ ಸಾಲುಗಳನ್ನು ಏಕೆ ಬಿಟ್ಟಳೆಂದು ಆಕೆ ವಿವರಿಸಿದ ಮೇಲೆ ಅಂಕಗಳನ್ನು ಮರಳಿ ಕೊಡಲಾಯಿತು.